ಕೊರಗಪ್ಪನ ಎಪ್ಪತ್ತು

ಕೊರಗಪ್ಪನನ್ನು ಕಂಡರೆ ನನಗೆ ಮೊದಮೊದಲು ಆಗುತ್ತಿರಲಿಲ್ಲ. ಇದನ್ನು ಮುಚ್ಚಿಟ್ಟು ಅವನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದರೆ ಅದು ಸುಳ್ಳಾಗುತ್ತದೆ. ಪಾಠ ಮಾಡುವವರಿಗೆ ಎರಡು ತರಹದ ವಿದ್ಯಾರ್ಥಿಗಳು ತಲೆನೋವು. ಏನನ್ನೂ ಕೇಳದೆ ಕಿಟಕಿಯ ಹೊರಗೆ ನೋಡುವವರು ಒಂದು, ಹೇಳಿದ್ದನ್ನೆಲ್ಲ ನಿಲ್ಲಿಸಿ ‘ಯಾಕೆ’ ಎಂದು ಕೇಳುವವರು ಇನ್ನೊಂದು. ಮೊದಲನೆಯವರನ್ನು ಬೈದು ಸುಧಾರಿಸಬಹುದು. ಕೊರಗಪ್ಪ ಎರಡನೆಯವರ ಪೈಕಿ.

ನಾನು ಬೆಟ್ಟಿ. ಮಂಗಳೂರಿನವಳು. ಊರಿನ ಕಾಲೇಜಿನಲ್ಲಿ ಹತ್ತು ವರ್ಷ, ಆಮೇಲೆ ಅಬುಧಾಬಿಯ ಖಲೀಫಾ ಸಿಟಿಯ ಒಂದು ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಅರ್ಥಶಾಸ್ತ್ರ ಕಲಿಸಿ, ನಿವೃತ್ತಿಯಾದ ಮೇಲೆ ದುಬೈಯ ಸತ್ವಾಕ್ಕೆ ಬಂದು ಮಗನ ಜೊತೆ ಇದ್ದೇನೆ. ಇಲ್ಲಿ ದರ್ಜಿ ಅಂಗಡಿಗಳ ಸಾಲಿನ ಮೇಲೆ, ಎರಡನೇ ಮಾಳಿಗೆಯಲ್ಲಿ ಒಂದು ದೂರಶಿಕ್ಷಣ ಕೇಂದ್ರ ಉಂಟು. ಊರಿನ ಒಂದು ವಿಶ್ವವಿದ್ಯಾಲಯದ ಡಿಗ್ರಿ ಪರೀಕ್ಷೆಗೆ ಕಟ್ಟಿದವರಿಗೆ ಭಾನುವಾರ ಬೆಳಿಗ್ಗೆ ಅಲ್ಲಿ ಪಾಠ. ಕೇಂದ್ರ ನೋಡಿಕೊಳ್ಳುವವನು ಕಾಸರಗೋಡಿನ ಪ್ರಿಯನ್. ಅರ್ಥಶಾಸ್ತ್ರದ ಪೇಪರ್ ನನ್ನದು. ಬರುವವರು ಸೇಲ್ಸ್‌ಮ್ಯಾನ್‌ಗಳು, ಡ್ರೈವರ್‌ಗಳು, ರಿಸೆಪ್ಷನ್‌ನಲ್ಲಿ ಕೂರುವ ಹುಡುಗಿಯರು. ಎಲ್ಲರಿಗೂ ಬೇಕಾದ್ದು ಒಂದೇ, ಪಾಸಾಗುವುದು. ಅದರಲ್ಲಿ ತಪ್ಪೇನೂ ಇಲ್ಲ. ವಾರಕ್ಕೆ ಆರು ದಿನ ದುಡಿದು ಏಳನೇ ದಿನ ಬೆಂಚಿನ ಮೇಲೆ ಕೂರುವವರಿಗೆ ಜ್ಞಾನಕ್ಕಾಗಿ ಓದಿ ಎಂದು ಉಪದೇಶ ಮಾಡುವಷ್ಟು ಬಾಯಿ ನನಗಿಲ್ಲ.

ಕೊರಗಪ್ಪ ಅಲ್ ಕೂಜ್‌ನ ಒಂದು ದೊಡ್ಡ ಬೇಕರಿಯಲ್ಲಿ ಕೆಲಸಕ್ಕಿದ್ದ. ಮುಲ್ಕಿ ಕಡೆಯವನು, ಮನೆಮಾತು ತುಳು. ಪಿಯುಸಿ ಮುಗಿಸಿ ಇಪ್ಪತ್ತೆರಡನೇ ವಯಸ್ಸಿಗೆ ಇಲ್ಲಿ ಟ್ರೇ ತೊಳೆಯಲು ಬಂದವನು. ಟ್ರೇಯಿಂದ ಒಲೆಗೆ, ಒಲೆಯಿಂದ ಹಿಟ್ಟು ಕಲಸುವ ಯಂತ್ರಕ್ಕೆ, ಅಲ್ಲಿಂದ ಪಾಳಿಯ ಮೇಲ್ವಿಚಾರಣೆಗೆ ಬರುವಷ್ಟರಲ್ಲಿ ನಲವತ್ತಾಗಿತ್ತು. ಮೂರು ವರ್ಷದಿಂದ ಸೂಪರ್‌ವೈಸರ್ ಕೆಲಸವನ್ನೇ ಮಾಡುತ್ತಿದ್ದ, ಆದರೆ ಹುದ್ದೆ ಅವನದಲ್ಲ. ಬೇಕರಿಯನ್ನು ಹೊಸಬರು ಕೊಂಡ ಮೇಲೆ ಸೂಪರ್‌ವೈಸರ್‌ಗೆ ಡಿಗ್ರಿ ಇರಲೇಬೇಕು ಎಂದು ಕಾನೂನು ಮಾಡಿದರು. ವರ್ಷದ ಕೊನೆಯೊಳಗೆ ಡಿಗ್ರಿ ತೋರಿಸಿದರೆ ಆ ಕುರ್ಚಿ ಅವನಿಗೆ. ಇಲ್ಲವಾದರೆ ಡಿಗ್ರಿ ಇರುವ ಯಾರನ್ನೋ ತಂದು ಕೂರಿಸುತ್ತಾರೆ, ಇವನು ಪುನಃ ಹಿಟ್ಟಿನ ಯಂತ್ರದ ಹತ್ತಿರ ಹೋಗಬೇಕು.

ಉಳಿದದ್ದು ಒಂದೇ ಪೇಪರ್, ನನ್ನದು. ಎರಡು ಸಲ ಫೇಲಾಗಿದ್ದ. ಜೂನ್‌ನದು ಮೂರನೆಯದು ಮತ್ತು ಕೊನೆಯದು. ಅದರಾಚೆಗೆ ಅವನ ನೋಂದಣಿಯ ಅವಧಿಯೇ ಮುಗಿಯುತ್ತಿತ್ತು. ಆರು ವರ್ಷದಲ್ಲಿ ಪಾಸು ಮಾಡಿದ ಹದಿನೇಳು ಪೇಪರ್ ಕೂಡ ಆಗ ಉಪಯೋಗಕ್ಕಿಲ್ಲ.

ಅವನು ಯಾಕೆ ಫೇಲಾಗುತ್ತಿದ್ದ ಎನ್ನುವುದು ನನಗೆ ಎರಡನೇ ಭಾನುವಾರವೇ ಗೊತ್ತಾಯಿತು. ದಡ್ಡತನದಿಂದಲ್ಲ. ಅರ್ಥವಾಗದ ಒಂದು ಸಾಲನ್ನೂ ಅವನು ಬರೆಯುತ್ತಿರಲಿಲ್ಲ. ಬೋರ್ಡಿನ ಮೇಲೆ ನಾನು ಏನಾದರೂ ಬರೆದರೆ ಉಳಿದವರೆಲ್ಲ ತಲೆ ಬಗ್ಗಿಸಿ ಇಳಿಸಿಕೊಳ್ಳುವರು, ಇವನು ಮಾತ್ರ ಪೆನ್ನು ಮುಚ್ಚಿಟ್ಟು ಬೋರ್ಡನ್ನೇ ನೋಡುತ್ತ ಕೂರುವನು. ಮೂರು ಗಂಟೆಯ ಪರೀಕ್ಷೆಯಲ್ಲಿ ಹೀಗೆ ನೋಡುತ್ತ ಕೂತರೆ ಮೂರನೇ ಪ್ರಶ್ನೆ ಮುಟ್ಟುವಾಗ ಗಂಟೆ ಹೊಡೆಯುತ್ತದೆ.

ಆ ಭಾನುವಾರ ನಾನು ಎಪ್ಪತ್ತರ ಸೂತ್ರ ಹೇಳಿಕೊಡುತ್ತಿದ್ದೆ. ಅರ್ಥಶಾಸ್ತ್ರ ಓದಿದವರಿಗೆ ಇದು ಗೊತ್ತು. ಒಂದು ದೇಶದ ಜನಸಂಖ್ಯೆಯೋ ಉತ್ಪನ್ನವೋ ವರ್ಷಕ್ಕೆ ಶೇಕಡಾ ಎರಡರಂತೆ ಬೆಳೆದರೆ ದುಪ್ಪಟ್ಟಾಗಲು ಎಷ್ಟು ವರ್ಷ? ಎಪ್ಪತ್ತನ್ನು ಎರಡರಿಂದ ಭಾಗಿಸಿ, ಮೂವತ್ತೈದು. ಅಷ್ಟೇ. ತಿರುಗಿಸಿಯೂ ಮಾಡಬಹುದು. ಹದಿನಾಲ್ಕು ವರ್ಷದಲ್ಲಿ ದುಪ್ಪಟ್ಟಾಯಿತು ಎಂದರೆ ದರ ಎಪ್ಪತ್ತು ಭಾಗಿಸು ಹದಿನಾಲ್ಕು, ಶೇಕಡಾ ಐದು. ನಾಲ್ಕು ಪಟ್ಟು ಕೇಳಿದರೆ ಎರಡು ಸಲ ದುಪ್ಪಟ್ಟು, ಎಂಟು ಪಟ್ಟು ಕೇಳಿದರೆ ಮೂರು ಸಲ. ಪರೀಕ್ಷೆಯಲ್ಲಿ ಅರ್ಧ ನಿಮಿಷದ ಕೆಲಸ, ಐದು ಅಂಕ. ನಾನು ಇದನ್ನು ಮೂವತ್ತು ವರ್ಷದಿಂದ ಹೇಳಿಕೊಡುತ್ತ ಬಂದಿದ್ದೇನೆ.

“ಈಗ ಶೇಕಡಾ ಮೂವತ್ತೈದು ಅಂತ ಕೊಟ್ರೆ?” ಎಂದು ಕೇಳಿದೆ.

“ಎರಡು ವರ್ಷ ಟೀಚರ್,” ಎಂದ ಝುಬೈರ್. ಇವನು ಉಳ್ಳಾಲದ ಬ್ಯಾರಿ ಹುಡುಗ, ಬಿಸ್ಕತ್ತು ಕಂಪನಿಯ ವ್ಯಾನಿನಲ್ಲಿ ಅಂಗಡಿ ಅಂಗಡಿ ಸುತ್ತುವ ಸೇಲ್ಸ್‌ಮ್ಯಾನ್. ಬಾಯಿ ಚುರುಕು.

“ಕರೆಕ್ಟ್.”

ಹಿಂದಿನ ಬೆಂಚಿನಿಂದ ಕೊರಗಪ್ಪ ಎದ್ದು ನಿಂತ. “ಟೀಚರ್, ಆಗುದಿಲ್ಲ ಅದು.”

“ಏನು ಆಗುದಿಲ್ಲ?”

“ಡಬಲ್ ಆಗುದಿಲ್ಲ. ನೂರು ಇದ್ದದ್ದು ಒಂದು ವರ್ಷಕ್ಕೆ ನೂರ ಮೂವತ್ತೈದು. ಅದಕ್ಕೆ ಪುನಃ ಮೂವತ್ತೈದು ಪರ್ಸೆಂಟ್ ಅಂದ್ರೆ ನೂರ ಎಂಬತ್ತೆರಡು ಕಾಲು. ಎರಡು ವರ್ಷ ಆಯ್ತು. ಇನ್ನೂರು ಎಲ್ಲುಂಟು?”

ನಾನು ಬೋರ್ಡಿಗೆ ತಿರುಗಿ ಲೆಕ್ಕ ಹಾಕಿದೆ. ಅವನು ಹೇಳಿದ್ದು ಸರಿ ಇತ್ತು. ಮೂವತ್ತೈದನ್ನು ನಾನು ಯಾವಾಗಲೂ ಉದಾಹರಣೆಗೆ ತೆಗೆದುಕೊಳ್ಳುತ್ತಿದ್ದೆ, ಎಪ್ಪತ್ತು ಅದರಿಂದ ಚಂದಕ್ಕೆ ಭಾಗವಾಗುತ್ತದೆ ಎಂಬ ಒಂದೇ ಕಾರಣಕ್ಕೆ. ಒಂದು ದಿನವೂ ಗುಣಿಸಿ ನೋಡಿರಲಿಲ್ಲ.

“ಇದು ಅಂದಾಜು ಸೂತ್ರ, ಕೊರಗಪ್ಪ. ಹತ್ತಿರ ಹತ್ತಿರ ಬಂದ್ರೆ ಸಾಕು.”

“ಎರಡು ಪರ್ಸೆಂಟಿಗೆ ಸರಿ ಬರ್ತದೆ. ನಾನು ಮೊನ್ನೆ ಪುಸ್ತಕದ ಲೆಕ್ಕವನ್ನು ಮೊಬೈಲಿನಲ್ಲಿ ಗುಣಿಸಿ ನೋಡಿದೆ, ಮೂವತ್ತೈದನೇ ವರ್ಷಕ್ಕೆ ಸರೀ ಇನ್ನೂರು. ಇದಕ್ಕೆ ಯಾಕೆ ಬರುದಿಲ್ಲ? ಎಪ್ಪತ್ತು ಅಂತ ಯಾರು ಹೇಳಿದ್ದು? ಎಲ್ಲಿಂದ ಬಂತು ಅದು?”

ನನಗೆ ಉತ್ತರ ಗೊತ್ತಿರಲಿಲ್ಲ ಎಂದಲ್ಲ. ಎಲ್ಲೋ ಓದಿದ್ದೆ, ಮರೆತಿದ್ದೆ. ಹನ್ನೆರಡು ಜನರ ಎದುರು ಮರೆತದ್ದನ್ನು ಒಪ್ಪಿಕೊಳ್ಳುವ ಬದಲು ನನ್ನ ಬಾಯಿಂದ ಬೇರೆಯೇ ಮಾತು ಬಂತು.

“ನೀನು ಬನ್ ಬೇಯಿಸುವವ. ನಿನಗೆ ಇಷ್ಟು ಸಾಕು. ಪರೀಕ್ಷೆಗೆ ಎಷ್ಟು ಬೇಕೋ ಅಷ್ಟು ಕಲಿ, ಎರಡು ಸಲ ಫೇಲಾದದ್ದು ಸಾಲದಾ?”

ಎಲ್ಲರೂ ನಕ್ಕರು. ಝುಬೈರ್ ಮೇಜು ತಟ್ಟಿ ನಕ್ಕ. ಕೊರಗಪ್ಪ ಕೂತುಕೊಂಡ. ಪೆನ್ನಿನ ಮುಚ್ಚಳ ತೆಗೆದು, ನಾನು ಬೋರ್ಡಿನ ಮೇಲೆ ಬರೆದಿದ್ದ ‘ಎರಡು ವರ್ಷ’ ಎಂಬುದನ್ನು ಪುಸ್ತಕಕ್ಕೆ ಇಳಿಸಿಕೊಂಡ. ಅವನು ಅರ್ಥವಾಗದ್ದನ್ನು ಬರೆದದ್ದು ಅದೇ ಮೊದಲು, ನನಗದು ಕಾಣಿಸಿತು. ಕಂಡರೂ ನಾನು ಮುಂದಿನ ಪಾಠಕ್ಕೆ ಹೋದೆ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಫೋನ್ ಮಾಡಿದರೆ “ಡ್ಯೂಟಿ ಉಂಟು ಟೀಚರ್” ಎಂದ. ಪರೀಕ್ಷೆಗೆ ಐದು ವಾರ ಇತ್ತು. ನನಗೆ ಸಿಟ್ಟು ಬಂತು. ಅವನ ಮೇಲೆ ಎಂದುಕೊಂಡೆ, ಎರಡು ದಿನ ಕಳೆದ ಮೇಲೆ ನನ್ನ ಮೇಲೆಯೇ ಎಂದು ಗೊತ್ತಾಯಿತು. ನಲವತ್ತಮೂರು ವರ್ಷದ ಗಂಡಸನ್ನು, ಅವನ ಕೆಲಸವನ್ನೇ ಹಿಡಿದು, ಹುಡುಗರ ಎದುರು ಆಡಿಕೊಂಡಿದ್ದೆ. ಅದೂ ಅವನು ಸರಿ ಹೇಳಿದ್ದಕ್ಕೆ.

ಬುಧವಾರ ಮಧ್ಯಾಹ್ನ ಝುಬೈರ್‌ಗೆ ಫೋನ್ ಮಾಡಿ “ನಿನ್ನ ವ್ಯಾನು ಅಲ್ ಕೂಜ್ ಕಡೆ ಹೋಗ್ತದಾ?” ಎಂದು ಕೇಳಿದೆ. “ನೀವು ಕರೆದ್ರೆ ಎಲ್ಲಿಗೂ ಹೋಗ್ತದೆ ಟೀಚರ್, ಯಲ್ಲಾ, ಹೋಗುವಾ,” ಎಂದು ಬಂದ. ದಾರಿಯುದ್ದಕ್ಕೂ ಬಿಸ್ಕತ್ತಿನ ಪೆಟ್ಟಿಗೆಗಳು ಹಿಂದೆ ಗಡಗಡ ಎನ್ನುತ್ತಿದ್ದವು. ಗೋದಾಮು, ಗ್ಯಾರೇಜು, ಲೇಬರ್ ಕ್ಯಾಂಪುಗಳ ನಡುವೆ ಆ ಬೇಕರಿ. ಹೊರಗಿನ ಸೆಕೆಗಿಂತ ಒಳಗೆ ಇನ್ನೂ ಜಾಸ್ತಿ.

ಕೊರಗಪ್ಪ ತಲೆಗೆ ಬಲೆಯ ಟೋಪಿ ಹಾಕಿಕೊಂಡು, ಸೊಂಟದೆತ್ತರದ ಪ್ಲಾಸ್ಟಿಕ್ ತೊಟ್ಟಿಗಳ ಸಾಲಿನಲ್ಲಿ ನಿಂತು ಹಿಟ್ಟಿಗೆ ಬೆರಳು ಚುಚ್ಚಿ ನೋಡುತ್ತಿದ್ದ. ನನ್ನನ್ನು ಕಂಡವನೇ ಗಾಬರಿಯಾದ. ಮನೆಗೆ ದೊಡ್ಡವರು ಬಂದಂತೆ ಕುರ್ಚಿ ಹುಡುಕಿದ, ಸಿಗದೆ ಮೈದಾ ಚೀಲದ ಮೇಲೆ ಬಟ್ಟೆ ಹಾಸಿ ಕೂರಿಸಿದ, ಚಾ ತರಿಸಿದ. ನಾನು ಕ್ಷಮೆ ಕೇಳಬೇಕೆಂದೇ ಹೋದವಳು. ಚಾ ಕುಡಿಯುತ್ತ “ಭಾನುವಾರ ಯಾಕೆ ಬರುದಿಲ್ಲ ಮಾರಾಯ, ಇದು ಕೊನೇ ಚಾನ್ಸು ಅಲ್ವಾ,” ಎಂದು ಬೈದೆ.

“ಬರ್ತೇನೆ ಟೀಚರ್. ಅದು ತಲೆಯಲ್ಲಿ ಕೂತ್ರೆ ಬೇರೆ ಏನೂ ಓದ್ಲಿಕ್ಕೆ ಆಗುದಿಲ್ಲ ನಂಗೆ. ಅದಕ್ಕೆ ಮೊದಲು ಅದನ್ನು ಮುಗಿಸುವಾ ಅಂತ.”

ಬೇಕಿಂಗ್ ಪೇಪರಿನ ಒಂದು ಉದ್ದದ ಹಾಳೆ ತಂದು ನನ್ನ ಎದುರು ಬಿಡಿಸಿದ. ಅದರ ತುಂಬ ಇರುವೆ ಸಾಲಿನ ಹಾಗೆ ಸಣ್ಣ ಅಂಕಿಗಳು.

“ಹಿಟ್ಟು ನೋಡಿಯೇ ನಂಗೆ ಡೌಟು ಬಂದದ್ದು ಟೀಚರ್. ಈಸ್ಟು ಉಂಟಲ್ಲ, ಅದು ವರ್ಷದ ಕೊನೆಗೆ ಒಂದು ಸಲ ಬೆಳೆಯುದಲ್ಲ. ಈಗ ಹುಟ್ಟಿದ್ದು ಈಗ್ಲೇ ತಿನ್ಲಿಕ್ಕೆ ಶುರು ಮಾಡ್ತದೆ, ಈಗ್ಲೇ ಇನ್ನೊಂದನ್ನು ಹುಟ್ಟಿಸ್ತದೆ. ಕಾಯುದಿಲ್ಲ. ಆದ್ರೆ ನಾನು ಕ್ಲಾಸಿನಲ್ಲಿ ಮಾಡಿದ ಲೆಕ್ಕದಲ್ಲಿ ಆ ಮೂವತ್ತೈದು ಪರ್ಸೆಂಟ್ ವರ್ಷವಿಡೀ ಸುಮ್ಮನೆ ಕೂತು ಕೊನೆಗೆ ಒಂದು ಸಲ ಸೇರ್ತದೆ. ಅಲ್ವಾ?”

“ಹೌದು.”

“ಹಾಗಾದ್ರೆ ಅದನ್ನು ತುಂಡು ಮಾಡಿದ್ರೆ ಏನಾಗ್ತದೆ ಅಂತ ನೋಡಿದೆ. ಮೂರು ತಿಂಗಳಿಗೊಮ್ಮೆ ಮೂವತ್ತೈದರ ಕಾಲು ಭಾಗ, ಎಂಟು ಮುಕ್ಕಾಲು ಸೇರಿಸಿದ್ರೆ ವರ್ಷಕ್ಕೆ ನೂರ ಮೂವತ್ತೈದಲ್ಲ, ಹತ್ತಿರ ಹತ್ತಿರ ನೂರ ನಲವತ್ತು. ತಿಂಗಳು ತಿಂಗಳು ಸೇರಿಸಿದ್ರೆ ನೂರ ನಲವತ್ತೊಂದು ಚಿಲ್ಲರೆ. ಎರಡು ವರ್ಷಕ್ಕೆ ನೂರ ತೊಂಬತ್ತೊಂಬತ್ತು ದಾಟ್ತದೆ. ದಿನ ದಿನ ಸೇರಿಸಿದ್ರೆ ಇನ್ನೂರ ಒಂದು. ಅದರ ಮೇಲೆ ಎಷ್ಟು ಸಣ್ಣ ತುಂಡು ಮಾಡಿದ್ರೂ ಅಲ್ಲೇ ನಿಲ್ತದೆ, ಹೆಚ್ಚಾಗುದಿಲ್ಲ.” ಅವನ ಮುಖ ಬೆಳಗಿತ್ತು. “ಅಂದ್ರೆ ನಿಮ್ಮ ಎಪ್ಪತ್ತು ಸುಳ್ಳಲ್ಲ ಟೀಚರ್. ಅದು ಹಿಟ್ಟಿನ ಎಪ್ಪತ್ತು. ನಿಲ್ಲದೆ ಬೆಳೆಯುವ ಸಾಮಾನಿಗೆ ಹೇಳಿದ್ದು. ವರ್ಷಕ್ಕೊಮ್ಮೆ ಸೇರುವುದಕ್ಕೆ ಅದನ್ನು ಹಾಕಿದ್ರೆ, ದರ ಸಣ್ಣದಿದ್ರೆ ವ್ಯತ್ಯಾಸ ಗೊತ್ತಾಗುದಿಲ್ಲ. ದರ ದೊಡ್ಡದಾದ್ರೆ ಸಿಕ್ಕಿ ಬೀಳ್ತದೆ.”

ನಾನು ಆ ಹಾಳೆಯನ್ನೇ ನೋಡುತ್ತ ಕೂತೆ. ಪುಸ್ತಕದಲ್ಲಿ ಇದಕ್ಕೆ ‘ಕಂಟಿನ್ಯುಅಸ್ ಕಾಂಪೌಂಡಿಂಗ್’ ಎಂದು ಹೆಸರು, ಅಂದರೆ ಪ್ರತಿ ಕ್ಷಣವೂ ಬೆಳೆದದ್ದು ಬೆಳೆದದ್ದಕ್ಕೇ ಸೇರುತ್ತ ಹೋಗುವುದು. ನಾನು ಆ ಪಾಠವನ್ನು ಎಪ್ಪತ್ತರ ಸೂತ್ರವಾದ ಮೇಲೆ, ಬೇರೆ ವಾರ, ಬೇರೆಯೇ ಅಧ್ಯಾಯವೆಂದು ಕಲಿಸುತ್ತಿದ್ದೆ. ಎರಡಕ್ಕೂ ಇರುವ ನಂಟನ್ನು ಒಬ್ಬ ವಿದ್ಯಾರ್ಥಿಗೂ ಹೇಳಿರಲಿಲ್ಲ. ಈಗ ಎಲ್ಲವೂ ನೆನಪಿಗೆ ಬಂತು. ನಿರಂತರ ಬೆಳವಣಿಗೆಯಲ್ಲಿ ದುಪ್ಪಟ್ಟಾಗುವ ಅವಧಿಗೆ ನಿಜವಾದ ಅಂಕಿ ಎಪ್ಪತ್ತಲ್ಲ, ಅರವತ್ತೊಂಬತ್ತು ಪಾಯಿಂಟ್ ಮೂರು. ಎರಡರ ನ್ಯಾಚುರಲ್ ಲಾಗ್ ಸೊನ್ನೆ ಪಾಯಿಂಟ್ ಆರು ಒಂಬತ್ತು ಮೂರು, ಅದರ ನೂರು ಪಟ್ಟು. ಬಾಯಿಲೆಕ್ಕಕ್ಕೆ ಸುಲಭವಾಗಲಿ ಎಂದು ಎಪ್ಪತ್ತು ಮಾಡಿಕೊಂಡದ್ದು. ಅಷ್ಟನ್ನು ನಾನು ಅವನಿಗೆ ಹೇಳಿದೆ. ಅವನು ‘ಲಾಗ್’ ಎಂದು ಹಾಳೆಯ ಮೂಲೆಯಲ್ಲಿ ಬರೆದುಕೊಂಡ.

ಕ್ಷಮೆ ಕೇಳಲು ಅದು ಸರಿಯಾದ ಹೊತ್ತಾಗಿತ್ತು. ಆದರೆ “ಭಾನುವಾರ ಬಾ,” ಎಂದಷ್ಟೇ ಹೇಳಿ ಎದ್ದೆ. ಸೀರೆಗೆ ಮೈದಾ ಹಿಟ್ಟು ಅಂಟಿದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು.

ಈಗ ಬರೆಯಬೇಕಾದದ್ದು ನನಗೆ ಇಷ್ಟವಿಲ್ಲದ್ದು. ಆ ಭಾನುವಾರ ನಾನು ತರಗತಿಯಲ್ಲಿ ಇದೆಲ್ಲವನ್ನೂ ಹೇಳಿಕೊಟ್ಟೆ. ಚೆನ್ನಾಗಿಯೇ ಹೇಳಿಕೊಟ್ಟೆ. ಮೂವತ್ತೈದನ್ನು ಕಾಲು ಕಾಲಾಗಿ, ತಿಂಗಳು ತಿಂಗಳಾಗಿ ತುಂಡು ಮಾಡಿ ತೋರಿಸಿದೆ, ಈಸ್ಟಿನ ಉದಾಹರಣೆಯನ್ನೂ ಕೊಟ್ಟೆ. ಪ್ರಶ್ನೆಯಲ್ಲಿ ‘ನಿರಂತರ’ ಎಂದಿದ್ದರೆ ಸೂತ್ರ ಯಾವ ದರಕ್ಕೂ ನಡೆಯುತ್ತದೆ, ‘ವರ್ಷಕ್ಕೊಮ್ಮೆ’ ಎಂದಿದ್ದು ದರ ಹತ್ತಕ್ಕಿಂತ ಮೇಲಿದ್ದರೆ ಗುಣಿಸಿಯೇ ನೋಡಿ ಎಂದು ಎಚ್ಚರಿಸಿದೆ. ಆದರೆ ಇದು ಕೊರಗಪ್ಪ ಹೇಳಿದ್ದು ಎಂದು ಮಾತ್ರ ಹೇಳಲಿಲ್ಲ. ಎಲ್ಲವೂ ಮೊದಲೇ ನನಗೆ ಗೊತ್ತಿದ್ದಂತೆ, ಸಮಯ ಬಂದಾಗ ಹೇಳೋಣವೆಂದು ಇಟ್ಟುಕೊಂಡಿದ್ದಂತೆ ನಡೆದುಕೊಂಡೆ. ಹಿಂದಿನ ಬೆಂಚಿನಲ್ಲಿ ಅವನು ಪೆನ್ನು ತೆರೆದು, ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದ. ಝುಬೈರ್ “ವ್ಹಾ ಟೀಚರ್” ಎಂದ. ನಾನು ಸುಮ್ಮನೆ ನಕ್ಕೆ.

ಜೂನ್‌ನಲ್ಲಿ ಪರೀಕ್ಷೆ ಆಯಿತು. ಪ್ರಶ್ನೆಪತ್ರಿಕೆಯಲ್ಲಿ ಇದೇ ವಿಷಯದ ಮೇಲೆ ಎರಡು ಪ್ರಶ್ನೆ, ಐದೈದು ಅಂಕ. ನಿರಂತರವಾಗಿ ಶೇಕಡಾ ಒಂದು ಪಾಯಿಂಟ್ ನಾಲ್ಕರಂತೆ ಬೆಳೆಯುವ ಜನಸಂಖ್ಯೆ ನಾಲ್ಕು ಪಟ್ಟಾಗಲು ಎಷ್ಟು ವರ್ಷ ಎನ್ನುವುದು ಒಂದು. ಎಪ್ಪತ್ತನ್ನು ಒಂದು ಪಾಯಿಂಟ್ ನಾಲ್ಕರಿಂದ ಭಾಗಿಸಿದರೆ ಐವತ್ತು, ಎರಡು ಸಲ ದುಪ್ಪಟ್ಟು, ನೂರು ವರ್ಷ. ಒಂದು ಕಂಪನಿಯ ಗಿರಾಕಿಗಳ ಸಂಖ್ಯೆ ಶೇಕಡಾ ನಲವತ್ತರಂತೆ, ವರ್ಷಕ್ಕೊಮ್ಮೆ ಲೆಕ್ಕ ಹಿಡಿದಂತೆ, ಹೆಚ್ಚುತ್ತಿದೆ, ದುಪ್ಪಟ್ಟಾಗುವ ಅವಧಿ ಎಷ್ಟು ಎನ್ನುವುದು ಇನ್ನೊಂದು. ಹೊರಗೆ ಬಂದ ಕೊರಗಪ್ಪ “ಎಲ್ಲ ಬರೆದೆ ಟೀಚರ್, ಹತ್ತು ನಿಮಿಷ ಉಳೀತು,” ಎಂದ. ಅವನು ಸಮಯ ಉಳಿಸಿದ್ದನ್ನು ಕೇಳಿ ನನಗೆ ಸಮಾಧಾನವಾಯಿತು.

ಆಗಸ್ಟಿನಲ್ಲಿ ಫಲಿತಾಂಶ ಬಂತು. ಪಾಸಾಗಲು ನಲವತ್ತು ಬೇಕು. ಕೊರಗಪ್ಪನಿಗೆ ಮೂವತ್ತೇಳು.

ಅವನು ಫೋನಿನಲ್ಲಿ “ಆಯ್ತು ಟೀಚರ್, ಖಲಾಸ್,” ಎಂದ. ಅಳಲಿಲ್ಲ, ಯಾರನ್ನೂ ದೂರಲಿಲ್ಲ. “ನಿಮಗೆ ಸುಮ್ಮನೆ ತೊಂದ್ರೆ ಆಯ್ತು,” ಎಂದ. ಆ ಮಾತನ್ನು ನನಗೆ ತಡೆಯಲಾಗಲಿಲ್ಲ. ಪ್ರಿಯನ್ ಹತ್ತಿರ ಹೋಗಿ, ಉತ್ತರಪತ್ರಿಕೆಯ ನಕಲು ತರಿಸು ಎಂದೆ. ಫೀಸು ಕಟ್ಟಿದರೆ ವಿಶ್ವವಿದ್ಯಾಲಯ ಸ್ಕ್ಯಾನ್ ಮಾಡಿ ಕಳಿಸುತ್ತದೆ. ಹದಿನೆಂಟು ದಿನ ಬಿಟ್ಟು ಬಂತು.

ಪ್ರಿಯನ್‌ನ ಕಂಪ್ಯೂಟರಿನ ಎದುರು ಕೂತು ನಾನು ಒಂದೊಂದೇ ಪುಟ ನೋಡಿದೆ. ನಲವತ್ತರ ಪ್ರಶ್ನೆಗೆ ಕೆಂಪು ಶಾಯಿಯಲ್ಲಿ ದೊಡ್ಡ ಸೊನ್ನೆ. ಪಕ್ಕದಲ್ಲಿ ಮೌಲ್ಯಮಾಪಕರು ಬರೆದದ್ದು ಇಷ್ಟು: ಎಪ್ಪತ್ತು ಭಾಗಿಸು ನಲವತ್ತು, ಒಂದು ಪಾಯಿಂಟ್ ಏಳು ಐದು ವರ್ಷ. ಅವರೂ ನನ್ನ ಹಾಗೆಯೇ ಗುಣಿಸಿ ನೋಡದವರು. ಕೊರಗಪ್ಪ ಬರೆದದ್ದು ಸ್ಪಷ್ಟವಾಗಿತ್ತು. ನೂರು, ನೂರ ನಲವತ್ತು, ನೂರ ತೊಂಬತ್ತಾರು. ಎರಡು ವರ್ಷಕ್ಕೂ ಇನ್ನೂರಾಗಿಲ್ಲ, ನಾಲ್ಕು ಬಾಕಿ, ಆದ್ದರಿಂದ ಎರಡು ವರ್ಷಕ್ಕಿಂತ ಸ್ವಲ್ಪ ಹೆಚ್ಚು, ಸುಮಾರು ಎರಡು ಪಾಯಿಂಟ್ ಸೊನ್ನೆ ಐದು. ಲಾಗ್ ಹಿಡಿದು ಮಾಡಿದರೂ ಎರಡು ಪಾಯಿಂಟ್ ಸೊನ್ನೆ ಆರು ಬರುತ್ತದೆ. ಅವನ ಉತ್ತರ ಸರಿ, ಸೊನ್ನೆ ತಪ್ಪು.

ಆ ಉತ್ತರದ ಮೊದಲ ಸಾಲನ್ನು ನಾನು ಕೊನೆಗೆ ಓದಿದೆ. ಅವನ ಮುರುಕು ಇಂಗ್ಲಿಷಿನಲ್ಲಿ ಇದ್ದದ್ದನ್ನು ಕನ್ನಡದಲ್ಲಿ ಹೇಳುವುದಾದರೆ: ‘ನಮ್ಮ ಟೀಚರ್ ವಿವರಿಸಿದಂತೆ, ಎಪ್ಪತ್ತರ ಸೂತ್ರ ನಿರಂತರ ಬೆಳವಣಿಗೆಗೆ ಹೇಳಿದ್ದು, ಆದ್ದರಿಂದ ಅದನ್ನು ಇಲ್ಲಿ ಬಳಸುವುದಿಲ್ಲ.’

ನಾನು ಕನ್ನಡಕ ತೆಗೆದೆ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ಅವನು ಸುಳ್ಳು ಬರೆದಿರಲಿಲ್ಲ. ಅವನ ಕಣ್ಣೆದುರೇ ನಾನು ವಿವರಿಸಿದ್ದೆನಲ್ಲ.

ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬೇಕಿತ್ತು. ಜೊತೆಗೆ ವಿಷಯದ ಅಧ್ಯಾಪಕರ ಒಂದು ಟಿಪ್ಪಣಿ. ಪ್ರಿಯನ್ ಲೋಕ ತಿಳಿದವನು.

“ಟೀಚರ್, ನೀವು ಒಂದು ಕೆಲಸ ಮಾಡಿ. ಇದು ನಮ್ಮ ಸೆಂಟರಿನಲ್ಲಿ ನಾನೇ ಕಲಿಸಿದ್ದು, ಮೂವತ್ತು ವರ್ಷದ ಅನುಭವದಿಂದ ಹೇಳ್ತೇನೆ ಅಂತ ಬರೀರಿ. ಅದಕ್ಕೆ ತೂಕ ಉಂಟು. ಬೇಕರಿಯವ ಸ್ವಂತ ತಲೆಯಿಂದ ಮಾಡಿದ್ದು ಅಂದ್ರೆ ಅಲ್ಲಿ ಯಾರು ಕೇಳ್ತಾರೆ?”

ಅವನ ಮಾತಿನಲ್ಲಿ ಹುರುಳಿತ್ತು. ಕೊರಗಪ್ಪನ ಪಾಸು ಫೇಲು ಆ ಒಂದು ಹಾಳೆಯ ಮೇಲೆ ನಿಂತಿತ್ತು. ನಾನು ಇನ್ನೊಂದು ಸಲ ಅದೇ ಸುಳ್ಳು ಹೇಳಿದರೆ ಅವನಿಗೇ ಉಪಕಾರವಾಗುವ ಹಾಗೆ ಇತ್ತು. ಮನೆಗೆ ಹೋಗಿ ಎರಡು ದಿನ ಯೋಚಿಸಿದೆ. ಮೊದಲ ಕರಡಿನಲ್ಲಿ ಪ್ರಿಯನ್ ಹೇಳಿದಂತೆಯೇ ಬರೆದೆ. ಓದಿದರೆ ಚೆನ್ನಾಗಿಯೇ ಇತ್ತು. ಹರಿದು ಹಾಕಿದೆ.

ಎರಡನೆಯದರಲ್ಲಿ ಮೊದಲು ಲೆಕ್ಕವನ್ನಷ್ಟೇ ಇಟ್ಟೆ. ವರ್ಷಕ್ಕೊಮ್ಮೆ ಶೇಕಡಾ ನಲವತ್ತು ಸೇರಿದರೆ ಎರಡು ವರ್ಷದ ಕೊನೆಗೆ ನೂರ ತೊಂಬತ್ತಾರು, ಇನ್ನೂರಲ್ಲ. ಒಂದು ಪಾಯಿಂಟ್ ಏಳು ಐದು ವರ್ಷಕ್ಕೆ ಹೇಗೆ ನೋಡಿದರೂ ನೂರ ಎಂಬತ್ತರ ಆಸುಪಾಸು ಮಾತ್ರ. ಇದನ್ನು ಯಾರು ಬೇಕಾದರೂ ಗುಣಿಸಿ ನೋಡಬಹುದು, ನಂಬಲು ಯಾರ ಅನುಭವವೂ ಬೇಡ. ಅದರ ಕೆಳಗೆ ಹೀಗೆ ಬರೆದೆ: ‘ನಾನು ಮೂವತ್ತು ವರ್ಷ ಈ ಸೂತ್ರವನ್ನು ಮೌಲ್ಯಮಾಪಕರ ಹಾಗೆಯೇ ತಪ್ಪಾಗಿ ಕಲಿಸಿದ್ದೇನೆ. ಉತ್ತರಪತ್ರಿಕೆಯಲ್ಲಿ ವಿದ್ಯಾರ್ಥಿಯು ಟೀಚರ್ ವಿವರಿಸಿದ್ದು ಎಂದು ಬರೆದಿದ್ದಾನೆ. ಅದು ಅವನ ದೊಡ್ಡತನ. ವಿವರಿಸಿದ್ದು ಅವನು, ಕಲಿತದ್ದು ನಾನು.’

ಅರ್ಜಿಗೆ ಕೊರಗಪ್ಪನ ಸಹಿ ಬೇಕಿತ್ತು. ಶಿಫ್ಟು ಮುಗಿಸಿ ನೇರ ಬಂದ, ತೋಳಿನ ಮೇಲೆ ಇನ್ನೂ ಹಿಟ್ಟಿನ ಬಿಳಿ ಇತ್ತು. ಪ್ರಿಯನ್‌ನ ಮೇಜಿನ ಹತ್ತಿರ ನಿಂತುಕೊಂಡೇ ನನ್ನ ಟಿಪ್ಪಣಿಯನ್ನು ಓದಿದ. ಎರಡು ಸಲ ಓದಿದ.

“ಇದೆಲ್ಲ ಯಾಕೆ ಬರೆದ್ರಿ ಟೀಚರ್? ನಿಮ್ಮ ಹೆಸರು ಹಾಳಾಗ್ತದೆ.”

“ಅವತ್ತು ಬನ್ ಬೇಯಿಸುವವ ಅಂತ ಹೇಳಿದ್ದೆನಲ್ಲ, ಅದು ತಪ್ಪಾಯ್ತು ಕೊರಗಪ್ಪ. ಆಮೇಲೆ ನಿನ್ನದನ್ನು ನನ್ನದು ಅಂತ ಹೇಳಿದ್ದು ಅದಕ್ಕಿಂತ ದೊಡ್ಡ ತಪ್ಪು.”

ಅವನು ಪೆನ್ನು ತೆಗೆದುಕೊಂಡ. “ಬನ್ ಬೇಯಿಸುವವನೇ ಅಲ್ವಾ ನಾನು. ಅದರಲ್ಲಿ ತಪ್ಪೇನುಂಟು? ಅವತ್ತು ಅವ್ರೆಲ್ಲ ನಗಾಡಿದ್ರಲ್ಲ, ಅದು ಸ್ವಲ್ಪ ಬೇಜಾರಾಯ್ತು,” ಎಂದು ಸಹಿ ಹಾಕಿದ. ಅಷ್ಟೇ ಹೇಳಿದ್ದು. ಪ್ರಿಯನ್ ಅರ್ಜಿಯನ್ನು ಲಕೋಟೆಗೆ ಹಾಕಿದ.

ಅಕ್ಟೋಬರ್ ಕೊನೆಯಲ್ಲಿ ತಿದ್ದಿದ ಅಂಕಪಟ್ಟಿ ಬಂತು. ಸೊನ್ನೆಯ ಜಾಗದಲ್ಲಿ ಐದು, ಒಟ್ಟು ನಲವತ್ತೆರಡು. ನನ್ನ ಟಿಪ್ಪಣಿಯ ಬಗ್ಗೆ ವಿಶ್ವವಿದ್ಯಾಲಯ ಒಂದು ಮಾತೂ ಬರೆದಿರಲಿಲ್ಲ, ಯಾರಾದರೂ ಅದನ್ನು ಕೊನೆಯವರೆಗೆ ಓದಿದರೋ ಇಲ್ಲವೋ ದೇವರಿಗೇ ಗೊತ್ತು. ಪ್ರಮಾಣಪತ್ರ ಬಂದು, ಅದಕ್ಕೆ ಬೇಕಾದ ಮುದ್ರೆಗಳೆಲ್ಲ ಬಿದ್ದು, ಡಿಸೆಂಬರಿನ ಎರಡನೇ ವಾರ ಕೊರಗಪ್ಪ ಸೂಪರ್‌ವೈಸರ್ ಆದ. ಝುಬೈರ್ ಎಲ್ಲರಿಗೂ ಬಿಸ್ಕತ್ತು ಹಂಚಿದ.

ಜನವರಿಯಲ್ಲಿ ಹೊಸ ತಂಡಕ್ಕೆ ಪಾಠ ಶುರುವಾಯಿತು. ಎಪ್ಪತ್ತರ ಸೂತ್ರದ ದಿನ ಬೋರ್ಡಿನ ಕಡೆಯಿಂದ ತಿರುಗಿದರೆ ಹಿಂದಿನ ಬೆಂಚಿನಲ್ಲಿ ಕೊರಗಪ್ಪ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹೊಸ ನೋಟ್‌ಬುಕ್.

“ನಿನಗೆ ಇನ್ನು ಯಾವ ಪೇಪರುಂಟು ಮಾರಾಯ?”

“ಪೇಪರಿಲ್ಲ ಟೀಚರ್. ಒಂದು ಕೇಳ್ಲಿಕ್ಕೆ ಬಾಕಿ ಇತ್ತು.” ಎದ್ದು ನಿಂತ. “ಅವತ್ತು ಸೊನ್ನೆ ಪಾಯಿಂಟ್ ಆರು ಒಂಬತ್ತು ಮೂರು ಅಂದ್ರಿ, ಎರಡರ ಲಾಗ್ ಅಂತ. ಅದು ಆರು ಒಂಬತ್ತು ಮೂರೇ ಯಾಕೆ? ಅದನ್ನು ಯಾರು, ಹೇಗೆ ಕಂಡುಹಿಡಿದದ್ದು?”

ಹೊಸಬರೆಲ್ಲ ಅವನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಮೂವತ್ತು ವರ್ಷದಿಂದ ಆ ಅಂಕಿಯನ್ನು ಪಟ್ಟಿಯಲ್ಲಿ ನೋಡಿ ಬರೆದವಳು ನಾನು.

“ನನಗೆ ಗೊತ್ತಿಲ್ಲ ಕೊರಗಪ್ಪ,” ಎಂದೆ. ತರಗತಿಯಲ್ಲಿ ನಿಂತು ಆ ಮಾತು ಹೇಳಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. “ನೀನು ಇಲ್ಲಿ ಮುಂದೆ ಬಾ. ಇಬ್ಬರೂ ಸೇರಿ ನೋಡುವಾ.”